ಎನ್‌ಸಿಡಿ ಬೆಲೆ, ಕರೆಂಟ್ ಯೀಲ್ಡ್, ವೈಟಿಎಂ: ಮುಂದಿನ ಬಡ್ಡಿ ಯಾರಿಗೆ ಸೇರುತ್ತದೆ?

ಪ್ರಶ್ನೆ: ಷೇರುಪೇಟೆಯಲ್ಲಿ ಒಂದು ಕಂಪನಿಯ ಎನ್‌ಸಿಡಿ, ಅಂದರೆ ಷೇರಾಗಿ ಬದಲಾಗದ ಡಿಬೆಂಚರ್ ಎಂಬ ಸಾಲಪತ್ರ, ಮುಖಬೆಲೆಗಿಂತ ಕಡಿಮೆಗೆ ಸಿಗುತ್ತಿದೆ. ಇನ್ನು ಎರಡು ವಾರದೊಳಗೆ ವರ್ಷದ ಬಡ್ಡಿಯೂ ಬರಲಿದೆ. ಕರೆಂಟ್ ಯೀಲ್ಡ್ 9.7% ಬರುತ್ತದೆ, ಅವಧಿ ಮುಗಿಯುವವರೆಗೆ ಹಿಡಿದರೆ ಸಿಗುವ ವಾರ್ಷಿಕ ಗಳಿಕೆಯ ದರವಾದ ವೈಟಿಎಂ 14% ದಾಟುತ್ತದೆ. ಯಾವುದನ್ನು ನಂಬಲಿ?

ನಿಮ್ಮ 14% ಅನ್ನು ನಂಬಬೇಡಿ. 2023ರ ಆಗಸ್ಟ್‌ನಲ್ಲಿ ಇದೇ ಲೆಕ್ಕವನ್ನು ನಂಬಿ ನಾನು ಬ್ಯಾಂಕಿನ ಠೇವಣಿಯೊಂದನ್ನು ಅವಧಿಗೆ ಮೊದಲೇ ಮುರಿಸಿದ್ದೆ.

ನಾನು ನೋಡಿದ್ದು ₹1,000 ಮುಖಬೆಲೆಯ ಎನ್‌ಸಿಡಿ. ಬಡ್ಡಿ ದರ 9.60%, ಅಂದರೆ ಪ್ರತಿ ವರ್ಷ ಸೆಪ್ಟೆಂಬರ್ 11ಕ್ಕೆ ₹96. ಅಸಲು ಮರಳುವುದು 2026ರ ಸೆಪ್ಟೆಂಬರ್ 11ಕ್ಕೆ. ಆಗಸ್ಟ್ 24ರಂದು ಅದರ ಬೆಲೆ ₹1,081 ಇತ್ತು. ಮರುದಿನ ₹986ರ ಆಸುಪಾಸಿಗೆ ಇಳಿಯಿತು. ಯಾರೋ ತುರ್ತಿಗೆ ಮಾರಿರಬೇಕು ಎಂದುಕೊಂಡು, 28ರಂದು ₹984ರಂತೆ 200 ಕೊಂಡೆ. ಡಿಮ್ಯಾಟ್ ಖಾತೆಗೆ ಬಂದದ್ದು 29ರಂದು. ಸೆಪ್ಟೆಂಬರ್ 11ಕ್ಕೆ ಬರುವ ₹19,200 ಬಡ್ಡಿಯನ್ನು ಮಗಳ ಹಾಸ್ಟೆಲ್ ಶುಲ್ಕಕ್ಕೆ ಎಂದು ಮನಸ್ಸಿನಲ್ಲೇ ಎತ್ತಿಟ್ಟಿದ್ದೆ.

ಆ ಹಣ ಬರಲಿಲ್ಲ. ಬ್ರೋಕರ್ ಕಚೇರಿಗೆ ಫೋನ್ ಮಾಡಿದಾಗ ಅಲ್ಲಿದ್ದವರು ಕೇಳಿದ್ದು ಒಂದೇ ಮಾತು: "ರೆಕಾರ್ಡ್ ದಿನಾಂಕ ನೋಡಿದ್ದಿರಾ ಸಾರ್?"

ರೆಕಾರ್ಡ್ ದಿನಾಂಕದ ದಿನ ಯಾರ ಖಾತೆಯಲ್ಲಿ ಡಿಬೆಂಚರ್ ಇರುತ್ತದೆಯೋ ಅವರಿಗೇ ಆ ಕಂತಿನ ಬಡ್ಡಿ. ಸಾಮಾನ್ಯವಾಗಿ ಅದು ಬಡ್ಡಿ ಪಾವತಿಗೆ ಸುಮಾರು 15 ದಿನ ಮೊದಲು ಬರುತ್ತದೆ. ನನ್ನದರಲ್ಲಿ ಅದು ಆಗಸ್ಟ್ 25 ಆಗಿತ್ತು. 24ರಂದು ಕೊಂಡವರಿಗೆ 25ಕ್ಕೆ ಖಾತೆಗೆ ಜಮೆಯಾಗಿ ಬಡ್ಡಿ ಸಿಕ್ಕಿತು. 25ರಂದು ಅಥವಾ ಆಮೇಲೆ ಕೊಂಡವರಿಗೆ ಸಿಗಲಿಲ್ಲ. ಒಂದೇ ದಿನದಲ್ಲಿ ₹95 ಇಳಿದದ್ದು ಇದೇ ಕಾರಣಕ್ಕೆ. ನಾನು ರಿಯಾಯಿತಿ ಎಂದು ಓದಿಕೊಂಡದ್ದು ನನ್ನ ಕೈಗೆ ಬಾರದ ಬಡ್ಡಿಯ ಮೊತ್ತ.

ಇದರ ಹಿಂದೆ ಇನ್ನೊಂದು ವಿಷಯವಿದೆ, ಅದನ್ನು ನಿಧಾನವಾಗಿ ಹೇಳಬೇಕು. ಷೇರುಗಳ ಹಾಗೆಯೇ ಪರದೆಯ ಮೇಲೆ ವಹಿವಾಟಾಗುವ ಎನ್‌ಸಿಡಿಗಳ ಬೆಲೆ ನಮ್ಮಲ್ಲಿ ಡರ್ಟಿ ಪ್ರೈಸ್. ಕಳೆದ ಬಡ್ಡಿ ದಿನದಿಂದ ಇಂದಿನವರೆಗೆ ಕೂಡಿದ ಬಡ್ಡಿ ಅದರೊಳಗೇ ಸೇರಿರುತ್ತದೆ. ಪಠ್ಯಪುಸ್ತಕದ ಸೂತ್ರಗಳು ಕೇಳುವುದು ಆ ಬಡ್ಡಿಯನ್ನು ಕಳೆದ ಕ್ಲೀನ್ ಪ್ರೈಸ್. ಆಗಸ್ಟ್ 24ರ ವಹಿವಾಟಿಗೆ ಕಳೆದು ನೋಡಿ. ಹಿಂದಿನ ಸೆಪ್ಟೆಂಬರ್ 11ರಿಂದ ಆಗಸ್ಟ್ 25ರವರೆಗೆ 348 ದಿನ. ₹96ನ್ನು 348ರಿಂದ ಗುಣಿಸಿ 365ರಿಂದ ಭಾಗಿಸಿದರೆ ₹91.53. ಅದನ್ನು ₹1,081ರಿಂದ ಕಳೆದರೆ ₹989.47. ಮುಖಬೆಲೆಗಿಂತ ದುಬಾರಿ ಎಂದು ಕಂಡದ್ದು ನಿಜವಾಗಿ ಮುಖಬೆಲೆಗಿಂತ ಅಗ್ಗವಾಗಿತ್ತು! ಕರೆಂಟ್ ಯೀಲ್ಡ್ ಎಂದರೆ ವರ್ಷದ ಬಡ್ಡಿಯನ್ನು ಬೆಲೆಯಿಂದ ಭಾಗಿಸುವುದು, ಅಷ್ಟೇ. 1,081ರಿಂದ ಭಾಗಿಸಿದರೆ 8.88%, ಕ್ಲೀನ್ ಬೆಲೆಯಿಂದ ಭಾಗಿಸಿದರೆ 9.70%.

ರೆಕಾರ್ಡ್ ದಿನಾಂಕ ದಾಟಿದ ಮೇಲೆ ಲೆಕ್ಕ ತಿರುವುಮುರುವಾಗುತ್ತದೆ. ಆಗಸ್ಟ್ 29ರಿಂದ ಸೆಪ್ಟೆಂಬರ್ 11ರವರೆಗಿನ 13 ದಿನ ಡಿಬೆಂಚರ್ ನನ್ನದಾಗಿದ್ದರೂ ಬಡ್ಡಿ ಹಿಂದಿನವರದು. ಆ 13 ದಿನದ ₹3.42ನ್ನು ಬೆಲೆಗೆ ಕೂಡಿಸಬೇಕು. ನಾನು ಕೊಂಡ ಕ್ಲೀನ್ ಬೆಲೆ ₹987.42. ಕರೆಂಟ್ ಯೀಲ್ಡ್ 9.72%. ನಿಮ್ಮ 9.7% ಕೂಡ ಬಹುಶಃ ಸರಿಯಾಗಿಯೇ ಇದೆ.

ಈಗ ವೈಟಿಎಂ. ನಿಮ್ಮ ಕೈಬಿಟ್ಟು ಹೋಗುವ ಹಣವನ್ನೂ ಮುಂದೆ ಕೈಸೇರುವ ಪ್ರತಿ ಕಂತನ್ನೂ ಸ್ಪ್ರೆಡ್‌ಶೀಟಿನಲ್ಲಿ ಅದರದರ ದಿನಾಂಕದ ಎದುರು ಬರೆಯಿರಿ. ಇಲ್ಲಿ ಡರ್ಟಿ ಪ್ರೈಸ್ ಅನ್ನೇ ಇಡಬೇಕು, ಏಕೆಂದರೆ ಖಾತೆಯಿಂದ ಹೋಗುವುದು ಅದೇ. ಬ್ರೋಕರೇಜ್ ಇದ್ದರೆ ಅದನ್ನೂ ಸೇರಿಸಿ.

```
2023-08-29    -984
2024-09-11      96
2025-09-11      96
2026-09-11    1096
=XIRR(B1:B4, A1:A4)
```

ಉತ್ತರ ಸುಮಾರು 10.1%. ಅದನ್ನು ಕೈಯಾರೆ ಪರೀಕ್ಷಿಸಬಹುದು. ಈ ದರದಲ್ಲಿ ಮೂರು ಕಂತುಗಳ ಇಂದಿನ ಮೌಲ್ಯ ₹86.9, ₹78.9 ಮತ್ತು ₹818.2. ಕೂಡಿದರೆ ಕೊಟ್ಟ ₹984 ಸಿಗುತ್ತದೆ. ಆವತ್ತು ನಾನು ಮೊದಲ ಸಾಲಿನ ಕೆಳಗೆ `2023-09-11  96` ಎಂಬ ಒಂದು ಸಾಲನ್ನು ಹೆಚ್ಚಿಗೆ ಬರೆದಿದ್ದೆ. ಅದೊಂದರಿಂದಲೇ ಉತ್ತರ 14.2% ಆಯಿತು. ಬಡ್ಡಿ ಪಾವತಿಯ ವೇಳಾಪಟ್ಟಿಯನ್ನು ಕಂಪನಿಯ ದಾಖಲೆಯಿಂದ ನೋಡಿ ಬರೆದಿದ್ದೆ, ಅದರಲ್ಲಿ ಆ ದಿನಾಂಕ ಸರಿಯಾಗಿಯೇ ಇತ್ತು. ಆದರೆ ಆ ಪಟ್ಟಿ ಕಂಪನಿ ಯಾವಾಗ ಕೊಡುತ್ತದೆ ಎಂದು ಹೇಳುತ್ತದೆ, ಯಾರಿಗೆ ಎಂದು ಹೇಳುವುದಿಲ್ಲ. 10.1% ಎಂದು ಗೊತ್ತಿದ್ದರೆ ಎ ರೇಟಿಂಗಿನ ಆ ಕಾಗದಕ್ಕಾಗಿ ನಾನು ಠೇವಣಿ ಮುರಿಸುತ್ತಿರಲಿಲ್ಲ.

ಎರಡರಲ್ಲಿ ಯಾವುದನ್ನು ನಂಬಲಿ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅವು ಪ್ರತಿಸ್ಪರ್ಧಿಗಳಲ್ಲ. ಕರೆಂಟ್ ಯೀಲ್ಡ್ ಈ ವರ್ಷದ ಬಡ್ಡಿಯನ್ನು ಮಾತ್ರ ಹೇಳುತ್ತದೆ, ಅಸಲಿನಲ್ಲಿ ಬರುವ ಲಾಭ ನಷ್ಟ ಅದಕ್ಕೆ ಕಾಣುವುದಿಲ್ಲ. ಹೂಡಿಕೆಯ ನಿರ್ಧಾರಕ್ಕೆ ಅದು ಸಾಲದು. ಆದರೆ ವೈಟಿಎಂ ತಪ್ಪಿದೆಯೇ ಎಂದು ಹಿಡಿಯಲು ಅದಕ್ಕಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ. ನನ್ನ ಉದಾಹರಣೆಯಲ್ಲಿ ಕ್ಲೀನ್ ಬೆಲೆ ಮುಖಬೆಲೆಗಿಂತ ₹12.58 ಕಡಿಮೆ. ಅದು ಮೂರು ವರ್ಷಗಳಲ್ಲಿ ಮರಳುತ್ತದೆ, ವರ್ಷಕ್ಕೆ ₹4.2, ಅಂದರೆ ಬೆಲೆಯ ಶೇಕಡ 0.4ರಷ್ಟು. 9.7ಕ್ಕೆ 0.4 ಕೂಡಿಸಿದರೆ 10.1. ವೈಟಿಎಂ ಇದರ ಹತ್ತಿರವೇ ಇರಬೇಕು. 14% ಆಗಬೇಕಾದರೆ ಬೆಲೆ ಮುಖಬೆಲೆಗಿಂತ ನೂರು ರೂಪಾಯಿಗೂ ಹೆಚ್ಚು ಕೆಳಗಿರಬೇಕಿತ್ತು. ಹಾಗೆ ನಿಜವಾಗಿ ಕುಸಿದಿದ್ದರೆ ಅದು ಬೇರೆಯೇ ಕಥೆ: ಕಂಪನಿ ಹಣ ಕೊಡುತ್ತದೆಯೇ ಎಂಬ ಅನುಮಾನ ಪೇಟೆಗೆ ಬಂದಿದೆ ಎಂದರ್ಥ. ವೈಟಿಎಂ ಪ್ರತಿ ಕಂತೂ ಬಂದೇ ಬರುತ್ತದೆ ಎಂದಿಟ್ಟುಕೊಂಡ ಸಂಖ್ಯೆ. 2019ರಲ್ಲಿ ಡಿಎಚ್‌ಎಫ್‌ಎಲ್ ಎಂಬ ಗೃಹಸಾಲ ಕಂಪನಿ ಬಡ್ಡಿ ಕಟ್ಟಲು ತಪ್ಪಿದಾಗ ಅದರ ಡಿಬೆಂಚರ್ ಹಿಡಿದವರಿಗೆ ಆ ಸಂಖ್ಯೆಯಿಂದ ಏನೂ ಪ್ರಯೋಜನವಾಗಲಿಲ್ಲ.

ಬಾಂಡ್ ಮಾರುವ ಆನ್‌ಲೈನ್ ವೇದಿಕೆಗಳಲ್ಲಿ ಕ್ಲೀನ್ ಬೆಲೆ ಮತ್ತು ಕೂಡಿದ ಬಡ್ಡಿಯನ್ನು ಬೇರೆ ಬೇರೆಯಾಗಿ ತೋರಿಸುವುದುಂಟು. ಅಂಥ ಕಡೆ ಎರಡನ್ನೂ ಕೂಡಿಸಿ XIRRಗೆ ಕೊಡಿ. ಸ್ಪ್ರೆಡ್‌ಶೀಟಿನ YIELD ಸೂತ್ರ ಕೇಳುವುದು ಕ್ಲೀನ್ ಬೆಲೆಯನ್ನು, ಅದೂ ₹100 ಮುಖಬೆಲೆಗೆ. ಷೇರುಪೇಟೆಯ ಪರದೆಯ ಬೆಲೆಯನ್ನು ಅದಕ್ಕೆ ನೇರವಾಗಿ ಕೊಟ್ಟರೆ ಬರುವ ಉತ್ತರ ತಪ್ಪು. 2023ರ ಏಪ್ರಿಲ್‌ನಿಂದ ಇಂಥ ಬಡ್ಡಿಯ ಮೇಲೆ 10% ಟಿಡಿಎಸ್ ಕೂಡ ಇದೆ, ಆದ್ದರಿಂದ ಖಾತೆಗೆ ₹96 ಪೂರ್ತಿ ಬಾರದಿದ್ದರೆ ಗಾಬರಿ ಬೇಡ.

ಈಗ ನಿಮ್ಮ ಎನ್‌ಸಿಡಿಯ ಐಎಸ್‌ಐಎನ್ ಎಂಬ ಗುರುತು ಸಂಖ್ಯೆ ಹಿಡಿದು ಷೇರುಪೇಟೆಯ ಜಾಲತಾಣದಲ್ಲಿ ಕಂಪನಿಯ ಪ್ರಕಟಣೆಗಳನ್ನು ತೆರೆಯಿರಿ, ರೆಕಾರ್ಡ್ ದಿನಾಂಕ ಹುಡುಕಿ. ಬಡ್ಡಿಗೆ ಎರಡು ವಾರಕ್ಕಿಂತ ಕಡಿಮೆ ಇದೆ ಎಂದರೆ ಅದು ಹೆಚ್ಚುಕಡಿಮೆ ಕಳೆದೇ ಹೋಗಿರುತ್ತದೆ. ಕಳೆದಿದ್ದರೆ ಆ ಬಡ್ಡಿಯ ಸಾಲನ್ನು ಅಳಿಸಿ XIRR ಮತ್ತೊಮ್ಮೆ ನೋಡಿ. ಆಗ ಬರುವ ದರಕ್ಕೆ ಆ ಕಂಪನಿಗೆ ಅಷ್ಟು ವರ್ಷ ಸಾಲ ಕೊಡಲು ಮನಸ್ಸಿದ್ದರೆ ಮಾತ್ರ ಕೊಳ್ಳಿ.