ನಡುಕಂಬಕ್ಕೆ ಸೊನ್ನೆ ಬಂದರೆ ಗಾಬರಿ ಯಾಕೆ?

ಪ್ರಶ್ನೆ: ಚಾವಣಿ ಹೊರುವ ತ್ರಿಕೋನ ಟ್ರಸ್‌ನ ಅಗಲ 8 ಮೀಟರ್, ಎತ್ತರ 3 ಮೀಟರ್. ನೆತ್ತಿಯ ಮೇಲೆ 12 ಕಿಲೋನ್ಯೂಟನ್ ಭಾರ. ಜಾಯಿಂಟ್ ವಿಧಾನದಲ್ಲಿ ಎಷ್ಟು ಸಲ ಮಾಡಿದರೂ ನಡುಕಂಬಕ್ಕೆ ಸೊನ್ನೆಯೇ ಬರುತ್ತದೆ. ಎಲ್ಲಿ ತಪ್ಪಿದ್ದೇನೆ ಸರ್?
– ಡಿಪ್ಲೊಮಾ ವಿದ್ಯಾರ್ಥಿನಿ, ಚಿಂತಾಮಣಿ

ಎಲ್ಲೂ ತಪ್ಪಿಲ್ಲಮ್ಮ. ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಇದೇ ಪ್ರಶ್ನೆ ಬರುತ್ತದೆ. ನಡುಕಂಬ ನೆತ್ತಿಯನ್ನು ಹೊತ್ತು ನಿಂತಿದೆ ಅಂತ ಯಾರೋ ತಲೆಗೆ ತುಂಬಿರುತ್ತಾರೆ. ಹೊರಲು ಅದರ ಬುಡದಲ್ಲಿ ಗೋಡೆ ಇದೆಯಾ?

ಗೋಡೆ ಮೇಲಿನ ಜಾಯಿಂಟ್ ತೆಗೆದುಕೊಳ್ಳಿ. ಗೋಡೆ 6 ಕಿಲೋನ್ಯೂಟನ್‌ನಷ್ಟು ಮೇಲಕ್ಕೆ ತಳ್ಳುತ್ತದೆ. ಅಡ್ಡ ಮಲಗಿರುವ ಟೈ ಇದನ್ನು ತಡೆಯಲಾರದು. ತಡೆಯಬೇಕಾದದ್ದು ರಾಫ್ಟರ್ ಒಂದೇ. ಅದು 4 ಮೀಟರ್ ಅಡ್ಡ ಹೋಗಿ 3 ಮೀಟರ್ ಏರುತ್ತದೆ, ಉದ್ದ 5. ಅಂದರೆ F × 3/5 = 6, ರಾಫ್ಟರ್‌ನಲ್ಲಿ 10 ಕಂಪ್ರೆಷನ್, ಅದನ್ನು ಒತ್ತುವ ಬಲ. ಅದೇ ರಾಫ್ಟರ್ ಜಾಯಿಂಟನ್ನು ಹೊರಕ್ಕೂ ತಳ್ಳುತ್ತದೆ, 10 × 4/5 = 8. ಜಾಯಿಂಟನ್ನು ಒಳಕ್ಕೆ ಎಳೆದು ಹಿಡಿಯುವುದು ಟೈ, ಅದರಲ್ಲಿ 8 ಟೆನ್ಷನ್, ಅಂದರೆ ಎಳೆತ.

ಈಗ ನಡುಕಂಬದ ಬುಡಕ್ಕೆ ಬನ್ನಿ. ಎಡಕ್ಕೆ 8, ಬಲಕ್ಕೆ 8, ಸರಿಹೋಯಿತು. ಮೇಲೆ-ಕೆಳಗೆ ಎಳೆಯಲು ಅಲ್ಲಿರುವುದು ನಡುಕಂಬ ಮಾತ್ರ. ಅದಕ್ಕೆ ಎದುರಾಗಿ ಇನ್ನೇನೂ ಇಲ್ಲ, ಹಾಗಾಗಿ ಸೊನ್ನೆಯೇ ಆಗಬೇಕು. ನಂಬಿಕೆ ಬರದಿದ್ದರೆ ನೆತ್ತಿಯಲ್ಲಿ ನೋಡಿ: ಎರಡು ರಾಫ್ಟರ್ ತಲಾ 6 ಮೇಲಕ್ಕೆ ತಳ್ಳಿದರೆ 12 ಭಾರ ಅಲ್ಲೇ ಮುಗಿಯಿತು.

ಬುಡಕ್ಕೆ 2 ಕಿಲೋನ್ಯೂಟನ್ ತೂಕ ನೇತುಹಾಕಿ ಮತ್ತೆ ಮಾಡಿ. ಆಗ ನಡುಕಂಬಕ್ಕೆ 2 ಬರುತ್ತದೆ, ಅದೂ ಟೆನ್ಷನ್. ಹೆಸರಿಗೆ ಕಂಬ, ಕೆಲಸ ಮಾತ್ರ ಹಗ್ಗದ್ದು.

ಸೊನ್ನೆ ಅಂದ ಮಾತ್ರಕ್ಕೆ ‘ಕತ್ತರಿಸಿ ಹಾಕಿ, ಕಬ್ಬಿಣ ಉಳಿಯುತ್ತೆ’ ಅನ್ನುವ ವೆಲ್ಡಿಂಗ್ ಪಂಡಿತರ ಮಾತು ಕೇಳಬೇಡಿ. ನಮ್ಮ ಲೆಕ್ಕದಲ್ಲಿ ಟೈಗೆ ತೂಕವೇ ಇಲ್ಲ. ನಿಜದ ಟೈಗೆ ಇದೆ. 8 ಮೀಟರ್ ಉದ್ದಕ್ಕೂ ಅದು ನಡುವೆ ಜೋತು ಬೀಳದಂತೆ ಹಿಡಿಯುವುದು ಆ ಕಂಬವೇ.

ಪ್ರಶ್ನೆ: ರೇಷ್ಮೆ ಹುಳು ಮನೆಗೆ ಶೀಟ್ ಹಾಕಿಸ್ತಿದ್ದೀವಿ. ಟೈಗೆ ಬರೀ ಎಳೆತ, ಸಣ್ಣ ಸರಳು ಸಾಕು ಅಂತಾರೆ. ಹೌದಾ?
– ರೈತರು, ಶಿಡ್ಲಘಟ್ಟ

ಗಾಳಿ ಇಲ್ಲದ ದಿನ ಸಾಕು! ಶೀಟ್ ಹಗುರ. ಗಾಳಿ ಮೇಲಕ್ಕೆ ಎತ್ತುವುದು ಚಾವಣಿಯ ತೂಕಕ್ಕಿಂತ ಜಾಸ್ತಿಯಾದರೆ ಎಲ್ಲ ಚಿಹ್ನೆಯೂ ತಿರುಗುತ್ತದೆ. ರಾಫ್ಟರ್‌ಗೆ ಟೆನ್ಷನ್, ಟೈಗೆ ಕಂಪ್ರೆಷನ್. ಸಣ್ಣ ಸರಳು ಆಗ ಬಿಲ್ಲಿನಂತೆ ಬಾಗುತ್ತದೆ. ಗಾಳಿಗೂ ಲೆಕ್ಕ ಹಾಕಿಸದೆ ಮುಂಗಡ ಕೊಡಬೇಡಿ.

ಪ್ರಶ್ನೆ: ಉತ್ತರ ಮೈನಸ್ ಬಂದರೆ ಮೊದಲಿಂದ ಮಾಡಬೇಕಾ?
– ತುಮಕೂರು

ಬೇಡ. ಟೆನ್ಷನ್ ಅಂದುಕೊಂಡದ್ದು ಕಂಪ್ರೆಷನ್ ಆಯಿತು, ಅಷ್ಟೇ. ಮುಂದಿನ ಜಾಯಿಂಟ್‌ಗೆ ಆ ಮೈನಸ್ ಒಯ್ಯಿರಿ, ಇಲ್ಲವೇ ಬಾಣ ತಿರುಗಿಸಿ. ಎರಡೂ ಮಾಡಿದರೆ ಕೆಟ್ಟಿತು.

ಪ್ರಶ್ನೆ: ನೆತ್ತಿಯಿಂದಲೇ ಶುರು ಮಾಡಬಹುದಾ?
– ಕೋಲಾರ

ಅಲ್ಲಿ ಗೊತ್ತಿಲ್ಲದ್ದು ಮೂರು, ಸಮೀಕರಣ ಎರಡು. ನೀವೇ ಹೇಳಿ.