ಕಬ್ಬು ಚೆನ್ನಾಗಿದ್ದರೆ ಸಕ್ಕರೆ ಷೇರು ಕೊಳ್ಳಬಹುದಾ?

ಪ್ರಶ್ನೆ: ಮುಧೋಳ, ಜಮಖಂಡಿ ಕಡೆ ಈ ಸಲ ಕಬ್ಬು ಜೋರಾಗಿದೆ. ಸಕ್ಕರೆ ಕಂಪನಿ ಷೇರು ಕೊಂಡರೆ ಮಾರುಕಟ್ಟೆಗಿಂತ ಜಾಸ್ತಿ ಲಾಭ ಸಿಗಲ್ವಾ?

ಉತ್ತರ: ಸಿಗುತ್ತದೆ ಅಂತ ನಂಬಬೇಡಿ. ನಿಮಗೆ ಕಾಣುವ ಬೆಳೆ ಕಾರ್ಖಾನೆಯವರಿಗೂ, ವ್ಯಾಪಾರಿಗಳಿಗೂ, ಮುಂಬೈನ ಮ್ಯೂಚುವಲ್ ಫಂಡ್‌ಗಳಿಗೂ ಗೊತ್ತಿರುತ್ತದೆ. ಅವರು ಆಗಲೇ ಕೊಂಡಿರುವುದರಿಂದ ಆ ಸುದ್ದಿ ಬೆಲೆಯಲ್ಲಿ ಸೇರಿಹೋಗಿರುತ್ತದೆ. ಇನ್ನು ಬೆಲೆ ಅಲುಗಾಡುವುದು ಯಾರಿಗೂ ಗೊತ್ತಿಲ್ಲದ ಸುದ್ದಿಗೆ. 2023ರ ಡಿಸೆಂಬರ್ 7ರಂದು ಕಬ್ಬಿನ ರಸದಿಂದ ಎಥೆನಾಲ್ ಮಾಡಬಾರದೆಂದು ಕೇಂದ್ರ ಆದೇಶಿಸಿತು. ಸಕ್ಕರೆ ಷೇರುಗಳು ಅದೇ ದಿನ ಕುಸಿದವು. ಸಂಜೆ ಸುದ್ದಿ ಓದಿ ಮಾರಲು ಹೊರಟವರಿಗೆ ಸಿಕ್ಕಿದ್ದು ಬಿದ್ದ ಬೆಲೆಯೇ.

ಹಾಗಾದರೆ ಷೇರು ಆರಿಸುವ ಕೆಲಸ ಫಂಡ್ ಮ್ಯಾನೇಜರ್‌ಗಳಿಗೆ ಬಿಡೋಣ ಅನ್ನಬಹುದು. ಅವರು ಜಾಣರೇ. ಆದರೆ ಅವರ ಎದುರು ಕೊಳ್ಳುವವರು, ಮಾರುವವರೂ ಅಂಥ ಜಾಣರೇ ಅಲ್ವಾ? ಎಲ್ಲರನ್ನೂ ಸೇರಿಸಿದರೆ ಸರಾಸರಿ ಲಾಭ ಮಾರುಕಟ್ಟೆಯಷ್ಟೇ, ಅದರಲ್ಲಿ ಖರ್ಚು ಕಳೆಯಬೇಕು. ಮಾರುಕಟ್ಟೆ ವರ್ಷಕ್ಕೆ ಶೇ 12 ಬೆಳೆಯಿತು ಅಂದುಕೊಳ್ಳಿ. ಷೇರು ಆರಿಸದೆ ಇಡೀ ಸೂಚ್ಯಂಕವನ್ನೇ ಕೊಳ್ಳುವ, ಶೇ 0.2 ಖರ್ಚಿನ ಇಂಡೆಕ್ಸ್ ಫಂಡ್‌ನಲ್ಲಿ 1 ಲಕ್ಷ ರೂಪಾಯಿ 20 ವರ್ಷಕ್ಕೆ ಸುಮಾರು 9.3 ಲಕ್ಷ ಆಗುತ್ತದೆ. ಮ್ಯಾನೇಜರ್ ಷೇರು ಆರಿಸುವ ಫಂಡ್‌ನಲ್ಲಿ ಖರ್ಚು ಶೇ 1.5 ಇದ್ದರೆ ಬರೀ 7.4 ಲಕ್ಷ.

ಬೆಲೆ ಯಾವಾಗಲೂ ಸರಿ ಇರುತ್ತದೆ ಅಂತಲ್ಲ. ಯಾರೂ ಗಮನಿಸದ ಸಣ್ಣ ಷೇರುಗಳಲ್ಲಿ ತಪ್ಪು ಬೆಲೆ ಸಿಗಬಹುದು. ಆದರೆ ಅಲ್ಲಿ ವಹಿವಾಟು ಕಮ್ಮಿ, ದೊಡ್ಡ ಫಂಡ್ ಕೊಳ್ಳತೊಡಗಿದರೆ ಬೆಲೆಯೇ ಏರಿಬಿಡುತ್ತದೆ.