ಮೊಬೈಲ್ ಒಂದೇ ಕಾರಣವಲ್ಲ

"ಬದಿಯಡ್ಕದಲ್ಲಿದ್ದೇವೆ. ಹತ್ತನೇ ತರಗತಿಯ ಮಗ 12ರ ಮೊದಲು ಮಲಗುವುದಿಲ್ಲ, ಬೆಳಿಗ್ಗೆ ಮಾತನಾಡಿಸಿದರೆ ಸಿಡುಕುತ್ತಾನೆ. ಮೊಬೈಲ್ ಕಾರಣವೇ?"

ಮೊಬೈಲ್ ಬೆಂಕಿಗೆ ತುಪ್ಪ ಸುರಿಯುತ್ತದೆ ನಿಜ, ಆದರೆ ಬೆಂಕಿ ಹೊತ್ತಿದ್ದು ಬೇರೆಡೆ. ಕತ್ತಲಾದ ಮೇಲೆ ಮಿದುಳಿನಲ್ಲಿ ಮೆಲಟೋನಿನ್ ಎಂಬ ಹಾರ್ಮೋನ್ ಸ್ರವಿಸಿ ದೇಹವನ್ನು ನಿದ್ದೆಗೆ ಅಣಿಗೊಳಿಸುತ್ತದೆ. ಹರೆಯದಲ್ಲಿ ಇದು ಒಂದೆರಡು ಗಂಟೆ ತಡವಾಗುತ್ತದೆ. ಹತ್ತಕ್ಕೆ "ಮಲಗು" ಎಂದರೆ ಅವನಿಗೆ ಅದು ಇನ್ನೂ ಮುಸ್ಸಂಜೆ.

ಆರಕ್ಕೆ ಟ್ಯೂಷನ್ನಿಗೆ ಎಬ್ಬಿಸುತ್ತೀರಾದರೆ ಸಿಗುವುದು 6 ಗಂಟೆ ನಿದ್ದೆ. ಬೇಕಾದದ್ದು 8ರಿಂದ 10. ಐದು ದಿನಕ್ಕೆ ಕನಿಷ್ಠ 10 ಗಂಟೆ ಸಾಲ! ನಿದ್ದೆಗೆಟ್ಟಾಗ ಭಾವನೆ ಕೆರಳಿಸುವ ಮಿದುಳಿನ ಭಾಗವಾದ ಅಮಿಗ್ಡಲ ಚುರುಕಾಗುತ್ತದೆ; ಅದಕ್ಕೆ ಲಗಾಮು ಹಾಕುವ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯುವುದು 25ರ ಆಸುಪಾಸಿನಲ್ಲಿ. ಹಾಗಾಗಿ ಬೆಳಗಿನ ತಿಂಡಿಯ ಹೊತ್ತಿನ ವಿಚಾರಣೆ ಬಿಡಿ. ನನ್ನ ಮಗಳು ಬಾಯಿ ಬಿಡುತ್ತಿದ್ದುದು ರಾತ್ರಿ ಪಾತ್ರೆ ತೊಳೆಯುವಾಗ ಮಾತ್ರ.

ಎದ್ದೊಡನೆ ಅವನನ್ನು ಅಂಗಳದ ಬಿಸಿಲಿಗೆ ಕಳುಹಿಸಿ, ದೇಹದೊಳಗಿನ ನಿದ್ದೆಯ ಗಡಿಯಾರ ಮೆಲ್ಲನೆ ಹಿಂದಕ್ಕೆ ಬರುತ್ತದೆ. ಭಾನುವಾರ ಮಧ್ಯಾಹ್ನದವರೆಗೆ ಮಲಗಿದರೆ ಮತ್ತೆ ಜಾರುತ್ತದೆ.

ರಜೆಯಲ್ಲಿ ಬೇಕಾದಷ್ಟು ಮಲಗಿ ಗೆಲುವಾಗಿದ್ದರೆ ಗಡಿಯಾರದ್ದೇ ತೊಂದರೆ. ಆಗಲೂ ಎರಡು ವಾರ ಗೆಳೆಯರು, ಊಟ, ಆಟ ಯಾವುದೂ ಬೇಡವೆಂದರೆ ವೈದ್ಯರಿಗೆ ತೋರಿಸಿ.